ಡಬ್ಬಿಯೋ, ಕಡ್ಡಿಯೋ

ಸೂರತ್‌ನ ರಫ್ತು ಕಂಪನಿಯ ಪತ್ರ ಮಹಾಂತೇಶನ ಮೊಬೈಲಿಗೆ ಬಂದದ್ದು ಬುಧವಾರ ಸಂಜೆ. ಕ್ವಿಂಟಲಿಗೆ 41,000 ರೂಪಾಯಿ. ಅಂಥದೇ ಮಾಲು ಸೋಮವಾರದ ಟೆಂಡರಿನಲ್ಲಿ 27,000ಕ್ಕೆ ಹೋಗಿದ್ದನ್ನು ದಲಾಲಿ ಅಂಗಡಿಯ ಖಾತೆಯಲ್ಲಿ ಬರೆದವನು ಅವನೇ.

ಅಪ್ಪನ ಹನ್ನೆರಡು ಕ್ವಿಂಟಲ್ ಮೆಣಸಿನಕಾಯಿ ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ಕೂತಿತ್ತು. ದರ ಏರಲಿ ಎಂದು ಕಾದದ್ದೇ ಬಂತು. ತಿಂಗಳು ತಿಂಗಳು ಬಾಡಿಗೆ ಮಾತ್ರ ಏರುತ್ತಿತ್ತು. ಕೊಳವೆಬಾವಿಯ ಸಾಲ ಬೇರೆ. ಒಂದೆರಡು ಚೀಲ ಬಿಚ್ಚಿ ತೆಗೆದ ಫೋಟೋವನ್ನು ಮಹಾಂತೇಶ ಫೇಸ್‌ಬುಕ್ಕಿನಲ್ಲಿ ಹಾಕಿದ ಮೂರನೆಯ ದಿನವೇ ಈ ಪತ್ರ.

ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡ. "ನಮ್ಮ ಮಾಲಿನ ಬೆಲೆ ಊರವರಿಗಿಂತ ಹೊರಗಿನವರಿಗೇ ಚೆನ್ನಾಗಿ ಗೊತ್ತು" ಎಂದ. ಅವ್ವ ದೇವರ ಮುಂದೆ ದೀಪ ಹಚ್ಚಿದಳು. ಆ ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ನಗೆ ಕೇಳಿಸಿತು. ಅದಕ್ಕೇ ಮಹಾಂತೇಶ ತನ್ನ ಅನುಮಾನವನ್ನು ನುಂಗಿಕೊಂಡ.

ಪತ್ರದ ಒಂದು ಸಾಲು ಮಾತ್ರ ಅವನಿಗೆ ನಿದ್ದೆ ಕೊಡಲಿಲ್ಲ. "ಜಗತ್ತಿನಲ್ಲೇ ಅತಿ ಖಾರವಾದ ನಿಮ್ಮ ಬ್ಯಾಡಗಿ ಮೆಣಸಿನಕಾಯಿ" ಎಂದು ಹೊಗಳಿದ್ದರು. ಬ್ಯಾಡಗಿಯದಕ್ಕೆ, ಅದು ಡಬ್ಬಿ ತಳಿಯಿರಲಿ ಕಡ್ಡಿ ತಳಿಯಿರಲಿ, ಬೆಲೆ ಬರುವುದು ಬಣ್ಣದಿಂದ. ಖಾರ ಬೇಕಾದವರು ಗುಂಟೂರಿನ ಕಾಯಿ ಕೊಳ್ಳುತ್ತಾರೆ. ಮಾರುಕಟ್ಟೆಯಲ್ಲಿ ಚೀಲ ಹೊರುವ ಹುಡುಗನೂ ಬಲ್ಲ ಈ ಮಾತು ಲಕ್ಷಗಟ್ಟಲೆ ರೂಪಾಯಿ ಸುರಿಯಲು ಬಂದವನಿಗೆ ಹೇಗೆ ಗೊತ್ತಿಲ್ಲ?

ಬೆಳಿಗ್ಗೆ ಫೋನ್ ಬಂತು. ಹಿಂದಿಯಲ್ಲಿ ಬಲು ನಯವಾದ ಮಾತು. ಮಾಲು ಖರೀದಿಯಾಗಬೇಕಾದರೆ ಮೊದಲು ಸರಬರಾಜುದಾರರ ನೋಂದಣಿಗೆ 24,600 ರೂಪಾಯಿ ಠೇವಣಿ ಇಡಬೇಕು, ಲಾರಿ ತುಂಬಿದ ದಿನವೇ ಅದು ವಾಪಸ್.

"ಮಾಲಿನ ತೇವಾಂಶ ಎಷ್ಟಿರಬೇಕು?" ಎಂದು ಕೇಳಿದ ಮಹಾಂತೇಶ.

"ಒಳ್ಳೆಯದಿದ್ದರೆ ಸಾಕು, ನಿಮ್ಮ ಮೇಲೆ ನಂಬಿಕೆ ಇದೆ."

"ಸ್ಯಾಂಪಲ್ ನೋಡಲು ಯಾರನ್ನಾದರೂ ಕಳಿಸುತ್ತೀರಾ? ಇಂದು ಗುರುವಾರ, ಟೆಂಡರಿನ ದಿನ. ಇಲ್ಲಿ ಎಲ್ಲ ಊರಿನ ಖರೀದಿದಾರರೂ ಇದ್ದಾರೆ."

ಆ ಕಡೆ ತುಸು ಮೌನ. "ಸಂಜೆ ಐದರೊಳಗೆ ಠೇವಣಿ ಬಾರದಿದ್ದರೆ ಈ ದರ ಬೇರೆಯವರಿಗೆ ಹೋಗುತ್ತದೆ."

ಮಧ್ಯಾಹ್ನ ಅಂಗಡಿಯಲ್ಲಿ ಬಿಡುವಾದಾಗ ಅವನು ಪತ್ರವನ್ನು ಮತ್ತೆ ತೆರೆದ. ದಿನವೂ ಬಿಲ್ ಬರೆಯುವ ಕಣ್ಣು ಜಿಎಸ್‌ಟಿ ಸಂಖ್ಯೆಯ ಮೇಲೆ ನಿಂತಿತು. ಮೊದಲ ಎರಡು ಅಂಕಿ 29. ಅದು ಕರ್ನಾಟಕದ್ದು; ಗುಜರಾತಿನದು 24. ದೊಡ್ಡ ಕಂಪನಿಗೆ ಇಲ್ಲಿಯೂ ನೋಂದಣಿ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡು, ಜಿಎಸ್‌ಟಿ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹಾಕಿ ನೋಡಿದ. ಬಂದದ್ದು ಬೆಂಗಳೂರಿನ ಒಂದು ಟೈಲ್ಸ್ ಅಂಗಡಿಯ ಹೆಸರು. ಠೇವಣಿ ಕಳಿಸಬೇಕಾದ ಖಾತೆಯೂ ಕಂಪನಿಯದಲ್ಲ, ಯಾರೋ ಒಬ್ಬರ ಉಳಿತಾಯ ಖಾತೆ. ಟೈಲ್ಸ್ ಅಂಗಡಿಯವನಿಗೆ ತನ್ನ ಸಂಖ್ಯೆ ಹೀಗೆ ಊರೂರು ಅಲೆಯುತ್ತಿರುವುದು ಬಹುಶಃ ಗೊತ್ತೇ ಇರಲಿಕ್ಕಿಲ್ಲ, ಪಾಪ.

ನಾಲ್ಕು ಗಂಟೆಗೆ ಅಂಗಡಿಯ ಬಾಗಿಲಲ್ಲಿ ಅಪ್ಪ ನಿಂತಿದ್ದ. ಕೈಯಲ್ಲಿ ಬಟ್ಟೆಯ ಚೀಲ; ಸಂಘದಿಂದ ಕೈಗಡವಾಗಿ ತಂದ ದುಡ್ಡು.

"ಅಪ್ಪ, ಇದು ಬೇಡ."

ಮಹಾಂತೇಶ ಎಲ್ಲವನ್ನೂ ಹೇಳಿದ. 29, 24, ಟೈಲ್ಸ್ ಅಂಗಡಿ, ಖಾತೆಯ ಹೆಸರು. ಅಪ್ಪ ಕೇಳಿದ, ಒಪ್ಪಲಿಲ್ಲ. "ನಂಬರಿನಲ್ಲಿ ತಪ್ಪು ಯಾರಿಗೂ ಆಗುತ್ತದೆ. ನಿನ್ನ ಹೆದರಿಕೆಗೆ ನಾನು ಬಂದ ಲಕ್ಷ್ಮಿಯನ್ನು ತಿರುಗಿಸಿ ಕಳಿಸಲೇ?" ಎಂದ. ಆ ದನಿಯಲ್ಲಿ ಸಿಟ್ಟಿಗಿಂತ ಬೇಡಿಕೆಯೇ ಹೆಚ್ಚಿತ್ತು. ಮಗನಿಗೆ ಗಂಟಲು ಕಟ್ಟಿತು.

"ಬೇರೆಯದು ಹೋಗಲಿ, ಅಪ್ಪ. ಪತ್ರ ಬರೆದ, ಫೋನ್ ಮಾಡಿದ. ಮಾಲು ಡಬ್ಬಿಯೋ ಕಡ್ಡಿಯೋ ಎಂದು ಅವನು ಒಂದು ಸಲವೂ ಕೇಳಲಿಲ್ಲ."

ಅಪ್ಪ ತಲೆ ಎತ್ತಿದ. "ಕೇಳಲೇ ಇಲ್ಲವೇ?"

"ಇಲ್ಲ."

ಅಂಗಳದಲ್ಲಿ ಅಂದಿನ ಮಾಲು ಕೆಂಪಗೆ ಹರಡಿತ್ತು. ಖರೀದಿದಾರನೊಬ್ಬ ಕಾಯಿಯನ್ನು ಮುರಿದು, ಬೀಜ ನೋಡಿ, ಮೂಗಿಗೆ ಹಿಡಿದು, ಹಿಡಿತುಂಬ ಒತ್ತಿ ಬಿಟ್ಟು, ಇನ್ನೊಂದು ರಾಶಿಗೆ ಸರಿದ. ಅಪ್ಪ ಬಹಳ ಹೊತ್ತು ಅವನ ಕೈಯನ್ನೇ ನೋಡಿದ. ನಲವತ್ತು ವರ್ಷ ಅವನ ಬೆಳೆ ಬೆಲೆ ಕಂಡದ್ದು ಇಂಥ ಕೈಗಳಲ್ಲೇ.

ಐದಕ್ಕೆ ಹತ್ತು ನಿಮಿಷ ಇರುವಾಗ ಫೋನ್ ರಿಂಗಾಯಿತು. ಅಪ್ಪನೇ ಎತ್ತಿಕೊಂಡು, ಬಾರದ ಹಿಂದಿಯಲ್ಲಿ, ಒಂದೊಂದೇ ಪದ ಜೋಡಿಸಿ ಕೇಳಿದ: "ಸಾಹೇಬರೇ, ನಿಮಗೆ ಡಬ್ಬಿ ಬೇಕೋ, ಕಡ್ಡಿ ಬೇಕೋ?"

ಆ ಕಡೆಯಿಂದ ಉತ್ತರ ಬರಲು ತಡವಾಯಿತು. "ಡಬ್ಬಿ ಎಲ್ಲ ನಾವೇ ಕೊಡುತ್ತೇವೆ, ನೀವು ಮಾಲು ತುಂಬಿದರೆ ಸಾಕು."

ಅಪ್ಪ ಫೋನನ್ನು ಮಗನ ಕೈಗೆ ಕೊಟ್ಟು, ಬಟ್ಟೆಯ ಚೀಲವನ್ನು ಕಂಕುಳಲ್ಲಿ ಒತ್ತಿ ಹಿಡಿದು, ಸಂಘದ ಬಾಗಿಲು ಮುಚ್ಚುವ ಮೊದಲೇ ದುಡ್ಡು ಮುಟ್ಟಿಸಲು ಹೊರಟ.