ಮಂಗನ ಕಾಯಿಲೆ ಸಮೀಕ್ಷೆ: ನೀವು ಹೇಳಿದ್ದು, ನಾವು ಬದಲಿಸುವುದು

ಎಲ್ಲರಿಗೂ ನಮಸ್ಕಾರ.

ಕಳೆದ ಮಾರ್ಚ್‌ನಲ್ಲಿ ನಮ್ಮ ಆಶಾ ಕಾರ್ಯಕರ್ತೆಯರು ನಿಮ್ಮ ಮನೆಗೆ ಬಂದು ಮಂಗನ ಕಾಯಿಲೆ ಬಗ್ಗೆ ಹದಿನಾಲ್ಕು ಪ್ರಶ್ನೆ ಕೇಳಿದ್ದರು. ಅಡಿಕೆ ಕೆಲಸ, ಹಾಲು ಕರೆಯುವ ಹೊತ್ತು ಎಲ್ಲದರ ನಡುವೆಯೂ ನೀವು ಕೂತು ಉತ್ತರ ಕೊಟ್ಟಿರಿ. ಕೆಲವು ಕಡೆ ಕಾಫಿಯನ್ನೂ ಕೊಟ್ಟಿರಿ. ನಿಮಗೆಲ್ಲ ತುಂಬಾ ಧನ್ಯವಾದ. "ಬರೆದುಕೊಂಡು ಹೋಗ್ತೀರಿ, ಆಮೇಲೆ ಏನಾಯ್ತು ಅಂತ ಯಾರೂ ಹೇಳಲ್ಲ" ಎಂದು ಒಬ್ಬ ಅಜ್ಜಿ ಬೇಸರ ಮಾಡಿಕೊಂಡಿದ್ದರು. ಅವರ ಮಾತು ನಿಜ. ಅದಕ್ಕೇ ಈ ಪತ್ರ.

ನಮ್ಮ ಆರೋಗ್ಯ ಕೇಂದ್ರಕ್ಕೆ ಸೇರಿದ ಐದು ಊರುಗಳ 206 ಮನೆಯವರು ಮಾತಾಡಿದ್ದಾರೆ. ಯಾರ ಹೆಸರನ್ನೂ ಎಲ್ಲೂ ಬರೆದಿಲ್ಲ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆ ಮೊದಲು ಪತ್ತೆಯಾಯಿತು. ಅಂದಿನಿಂದ ನಮ್ಮ ಭಾಗದಲ್ಲಿ ಅದರ ಹೆಸರು ಕೇಳದವರಿಲ್ಲ. ಆದರೂ ಜನರಿಗೆ ತಿಳಿವಳಿಕೆ ಸಾಲದು, ಅದಕ್ಕೇ ಉಣುಗು ಕಚ್ಚದಂತೆ ತಡೆಯುವ ಎಣ್ಣೆ ಹಚ್ಚುವುದಿಲ್ಲ ಎಂದು ನಾವು ಅಂದುಕೊಂಡಿದ್ದೆವು. ಅದು ತಪ್ಪು. ಉಣುಗು ಕಚ್ಚಿದರೆ ಬರುತ್ತದೆ ಎಂಬುದು ಹೆಚ್ಚುಕಡಿಮೆ ಎಲ್ಲ ಮನೆಯವರಿಗೂ ಗೊತ್ತಿದೆ.

ತೊಂದರೆ ಇದ್ದದ್ದು ನಾವು ಎಣ್ಣೆ ಕೊಡುವ ರೀತಿಯಲ್ಲಿ. 171 ಮನೆಗೆ ಡೆಪಾ ಎಣ್ಣೆ ಸಿಕ್ಕಿದೆ. ಕಾಡಿಗೆ ಹೋಗುವಾಗ ಪ್ರತಿ ಸಲ ಹಚ್ಚುವವರು 64 ಮನೆಯವರು ಮಾತ್ರ. ಉಳಿದ 107 ಮನೆಗಳಲ್ಲಿ 52 ಮನೆಯವರು ಹೇಳಿದ್ದು ಒಂದೇ: ಬಾಟಲಿ ಕೈಗೆ ಬರುವ ಹೊತ್ತಿಗೆ ದರಕು ಗುಡಿಸುವ ಕೆಲಸ ಅರ್ಧ ಮುಗಿದಿತ್ತು. 31 ಮನೆಯವರಿಗೆ ವಾಸನೆ ಹಿಡಿಸಲಿಲ್ಲ, ಚರ್ಮ ಉರಿಯಿತು. 24 ಮನೆಯವರಿಗೆ ಹೇಗೆ ಹಚ್ಚಬೇಕು ಅಂತ ಯಾರೂ ಹೇಳಿರಲಿಲ್ಲ.

ಒಂದು ಮನೆಯಲ್ಲಿ ಬಾಟಲಿ ದೇವರ ಗೂಡಿನ ಪಕ್ಕ ಹಾಗೇ ಇತ್ತು, ಸೀಲ್ ಕೂಡ ಒಡೆದಿರಲಿಲ್ಲ. ಮನೆ ಯಜಮಾನರ ಕೈಗೆ ಕೊಟ್ಟು ಹೋಗಿದ್ದೆವು. ದಿನಾ ಬೆಟ್ಟಕ್ಕೆ ಹೋಗಿ ದರಕು ತಂದು ಕೊಟ್ಟಿಗೆಗೆ ಹಾಸುವವರು ಆ ಮನೆಯ ಸೊಸೆ. ಆ ಎಣ್ಣೆ ತಮಗಾಗಿ ಬಂದದ್ದೆಂದು ಅವರಿಗೆ ಗೊತ್ತೇ ಇರಲಿಲ್ಲ. ಅವರ ಮೊಣಕಾಲಿನ ಕೆಳಗೆ ಉಣುಗು ಕಚ್ಚಿದ ಕೆಂಪು ಗುರುತು ಸಾಲಾಗಿ ಇದ್ದವು. ಅದನ್ನು ನೋಡಿ ಬಂದ ನಮ್ಮ ಕಾರ್ಯಕರ್ತೆಗೆ ಅವತ್ತು ಊಟ ಸೇರಲಿಲ್ಲ.

ಹಾಗಾಗಿ ಈ ವರ್ಷ ಎಣ್ಣೆ ನವೆಂಬರ್ ಕೊನೆಯೊಳಗೆ ಬರುತ್ತದೆ. ಬೆಳಿಗ್ಗೆ ಮತ್ತು ಸಂಜೆ ಹಾಲಿನ ಡೈರಿಯಲ್ಲಿ ಕೊಡುತ್ತೇವೆ. ಕಾಡಿಗೆ ಹೋಗುವವರ ಕೈಗೇ ಕೊಟ್ಟು, ಹಚ್ಚಿ ತೋರಿಸುತ್ತೇವೆ. ಉರಿ ಬರುವವರು ಅಲ್ಲೇ ಹೇಳಿ, ನರ್ಸ್ ನೋಡುತ್ತಾರೆ. ಮೈತುಂಬ ಬಟ್ಟೆ ಹಾಕಿಕೊಂಡು ಹೋಗುವುದು, ಬಂದ ತಕ್ಷಣ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡುವುದು, ಬಟ್ಟೆಯನ್ನೂ ಬಿಸಿನೀರಿಗೆ ಹಾಕುವುದು ಮಾತ್ರ ಬಿಡಬೇಡಿ.

ಸತ್ತ ಮಂಗ ಕಂಡದ್ದು 38 ಮನೆಯವರಿಗೆ, ತಿಳಿಸಿದ್ದು 9 ಮನೆಯವರು. "ಯಾರಿಗೆ ಹೇಳೋದು? ಹೇಳಿದರೆ ನಮ್ಮನ್ನೇ ಓಡಾಡಿಸ್ತಾರೆ" ಎಂಬ ಭಯ ತುಂಬಾ ಜನರಿಗೆ ಇದೆ. ಇನ್ನು ಮುಂದೆ ನಿಮ್ಮ ಊರಿನ ಆಶಾ ಅವರಿಗೆ ಒಂದು ಫೋನ್ ಮಾಡಿದರೆ ಸಾಕು. ಅರಣ್ಯ ಇಲಾಖೆಗೆ, ಪಶು ಆಸ್ಪತ್ರೆಗೆ ತಿಳಿಸುವುದು ನಮ್ಮ ಕೆಲಸ. ನಿಮ್ಮ ಹೆಸರು ಹೇಳುವುದಿಲ್ಲ. ಮಂಗವನ್ನು ಮುಟ್ಟಬೇಡಿ, ಆ ಜಾಗದ ಹತ್ತಿರ ದರಕಿಗೂ ಹೋಗಬೇಡಿ.

ಜ್ವರದ ವಿಷಯ. ಅಡಿಕೆ ಸುಲಿತ ಇದ್ದಾಗ ಜ್ವರ ಬಂದರೂ ಮೂರು ನಾಲ್ಕು ದಿನ ತಳ್ಳುತ್ತೇವೆ ಎಂದಿದ್ದೀರಿ. ಬಸ್ ಇಳಿದು ಬರುವಷ್ಟರಲ್ಲಿ ಚೀಟಿ ಕೊಡುವುದು ನಿಂತಿರುತ್ತದೆ ಎಂದೂ ಹೇಳಿದ್ದೀರಿ. ಡಿಸೆಂಬರ್‌ನಿಂದ ಮೇ ತನಕ ಜ್ವರದವರಿಗೆ ಸಂಜೆ ಐದರವರೆಗೂ ಚೀಟಿ ಕೊಡುತ್ತೇವೆ, ಅವರು ಸಾಲಲ್ಲಿ ನಿಲ್ಲಬೇಕಿಲ್ಲ. ಒಮ್ಮೆಲೇ ಜೋರು ಜ್ವರ, ತಲೆನೋವು, ಸೊಂಟನೋವು ಬಂದರೆ ದಯವಿಟ್ಟು ಕಾಯಬೇಡಿ. ಇದಕ್ಕೆಂದೇ ಇರುವ ಮಾತ್ರೆ ಇಲ್ಲ. ಬೇಗ ಬಂದಷ್ಟೂ ನೋಡಿಕೊಳ್ಳಲು ಅನುಕೂಲ. ಮನೆಯಲ್ಲಿ ಒಬ್ಬರಿಗೆ ಬಂದರೆ ಅವರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ, ಹಾಗಾಗಿ ಅವರನ್ನು ದೂರ ಇಡಬೇಡಿ.

ನೀವು ಕೇಳಿದ ಎರಡು ವಿಷಯ ಈಗ ಆಗುವುದಿಲ್ಲ. ಒಂದು, ಲಸಿಕೆ. ಹಳೆಯ ಲಸಿಕೆ ಕೊಡುವುದು ನಿಂತಿದೆ, ಹೊಸದರ ಕೆಲಸ ನಡೆಯುತ್ತಿದೆ. ನಮ್ಮಲ್ಲಿಗೆ ಬಂದ ದಿನವೇ ಮನೆಮನೆಗೆ ಹೇಳುತ್ತೇವೆ. ಇನ್ನೊಂದು, ಮೇಲಿನಕೇರಿಗೆ ಆಂಬುಲೆನ್ಸ್ ಹೋಗುವಂಥ ರಸ್ತೆ. ಅದು ನಮ್ಮ ಕೈಯಲ್ಲಿಲ್ಲ. ಆದರೆ ನೀವು ಹೇಳಿದ್ದನ್ನು ಹಾಗೇ ಬರೆದು ಗ್ರಾಮ ಪಂಚಾಯಿತಿಗೆ ಕೊಟ್ಟಿದ್ದೇವೆ.

ನಮ್ಮಿಂದ ಒಂದು ಲೋಪ ಆಗಿದೆ. ಕೊನೆ ಕೊಯ್ಲಿಗೆ ಹೊರಗಿನಿಂದ ಬಂದು ತೋಟದ ಮನೆಗಳಲ್ಲಿ ಇರುವವರನ್ನು ನಾವು ಮಾತಾಡಿಸಲೇ ಇಲ್ಲ. ಅವರೂ ದಿನವಿಡೀ ಕಾಡಂಚಿನಲ್ಲೇ ಇರುವವರು. ಡಿಸೆಂಬರ್‌ನಲ್ಲಿ ಎಣ್ಣೆ ಹಿಡಿದುಕೊಂಡೇ ಅವರ ಹತ್ತಿರ ಹೋಗುತ್ತೇವೆ. ನಿಮ್ಮ ತೋಟಕ್ಕೆ ಯಾರಾದರೂ ಬಂದಿದ್ದರೆ ಆಶಾ ಅವರಿಗೆ ಒಂದು ಮಾತು ತಿಳಿಸಿ.

ಈ ಪತ್ರವನ್ನು ಡೈರಿ ಗೋಡೆಗೂ ಅಂಟಿಸುತ್ತೇವೆ. ಓದಲು ಆಗದವರಿಗೆ ಮನೆಯಲ್ಲಿ ಯಾರಾದರೂ ಓದಿ ಹೇಳಿ. ಹೇಳಿದ್ದರಲ್ಲಿ ಯಾವುದಾದರೂ ಆಗದಿದ್ದರೆ ನೇರವಾಗಿ ಬಂದು ಕೇಳಿ.

ನಿಮ್ಮ ಊರಿನ ಆಶಾ ಕಾರ್ಯಕರ್ತೆಯರು ಮತ್ತು ಆರೋಗ್ಯ ಕೇಂದ್ರದ ಸಿಬ್ಬಂದಿ
ಸಾಗರ ತಾಲೂಕು