ವಿಷಯ: ವಾಲ್ವ್ ಇರುವ 250 ಗ್ರಾಂ ಕಾಫಿ ಪೌಚ್ – ಸ್ಯಾಂಪಲ್ ಮತ್ತು ಪೂರ್ತಿ ತಾಂತ್ರಿಕ ವಿವರ ಬೇಕು (ಜೂನ್ 25ರೊಳಗೆ ಉತ್ತರ)

ದಿನಾಂಕ: 12 ಜೂನ್ 2025
ಇವರಿಂದ: ಶೈಲಜಾ, ಕಾಫಿ ಪುಡಿ ಘಟಕ, ಆಲ್ದೂರು, ಚಿಕ್ಕಮಗಳೂರು ಜಿಲ್ಲೆ
ಇವರಿಗೆ: ಸುಧೀಂದ್ರ, ರಫ್ತು ವಿಭಾಗ, ತೈಚುಂಗ್, ತೈವಾನ್

ಸುಧೀಂದ್ರ ಅವರೇ, ನಮಸ್ಕಾರ.

2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಲ್ಲಿ ನಡೆದ ವಿಶ್ವ ಕಾಫಿ ಸಮ್ಮೇಳನದಲ್ಲಿ ನಿಮ್ಮನ್ನು ಭೇಟಿ ಆಗಿದ್ದೆ. ನಿಮ್ಮ ಊರು ಸಾಗರ ಅಂದಿರಿ. "ಪೌಚ್ ಬೇಕಾದಾಗ ಕನ್ನಡದಲ್ಲೇ ಬರೆಯಿರಿ, ಇಲ್ಲಿ ಟೆಕ್ನಿಕಲ್‌ನವರಿಗೆ ನಾನು ಹೇಳ್ತೀನಿ" ಅಂತಲೂ ಹೇಳಿದ್ದಿರಿ. ಆ ಮಾತನ್ನು ನಂಬಿ ಬರೆಯುತ್ತಿದ್ದೇನೆ. ಪ್ರಶ್ನೆಗಳ ಇಂಗ್ಲಿಷ್ ಪ್ರತಿ ಲಗತ್ತು 1ರಲ್ಲಿದೆ. ಎರಡರಲ್ಲೂ ನಂಬರ್ ಒಂದೇ, ಹಾಗಾಗಿ ಅದನ್ನೇ ನಿಮ್ಮವರ ಕೈಗೆ ಕೊಡಬಹುದು.

ನಾವು ಮಾಡುವುದು ಎರಡು ಬಗೆ. ಒಂದು, ಫಿಲ್ಟರ್ ಕಾಫಿ ಪುಡಿ: ನೂರಕ್ಕೆ 80 ಕಾಫಿ, 20 ಚಿಕೋರಿ. ಇನ್ನೊಂದು, ಹುರಿದ ಅರೇಬಿಕಾ ಬೀಜ. ಎರಡೂ 250 ಗ್ರಾಂ ಪ್ಯಾಕ್. ಮೂರು ಪಾಲು ಪುಡಿ ಹೋದರೆ ಒಂದು ಪಾಲು ಬೀಜ ಹೋಗುತ್ತದೆ. ವರ್ಷಕ್ಕೆ ಸುಮಾರು 60,000 ಪೌಚ್ ಬೇಕು. ಮೊದಲ ಆರ್ಡರ್ 20,000. ಅದರಲ್ಲಿ 15,000 ಪುಡಿಗೆ, 5,000 ಬೀಜಕ್ಕೆ.

ನಮ್ಮ ತೊಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಅದು ಗೊತ್ತಿದ್ದರೆ ಯಾವ ವಾಲ್ವ್ ಸರಿ ಅಂತ ನಿಮಗೇ ಹೊಳೆಯುತ್ತದೆ.

ಹೋದ ಮಳೆಗಾಲದಲ್ಲಿ ನಮ್ಮ ಪುಡಿ ಪೌಚುಗಳು ಅಂಗಡಿಯ ಕಪಾಟಿನಲ್ಲೇ ದಿಂಬಿನ ಹಾಗೆ ಉಬ್ಬಿದವು. ಕೆಲವು ಸೀಲ್ ಬಿಟ್ಟವು. ವಾಪಸ್ ಬಂದ ಒಂದನ್ನು ಕತ್ತರಿಸಿ ಒಳಮಗ್ಗುಲು ತಿರುಗಿಸಿ ನೋಡಿದೆ. ವಾಲ್ವಿನ ಹಿಂದಿನ ಐದು ಸಣ್ಣ ತೂತುಗಳಲ್ಲಿ ನಾಲ್ಕು ಪೂರ್ತಿ ಮುಚ್ಚಿಹೋಗಿದ್ದವು. ನಯವಾದ ಪುಡಿ ಹೊಕ್ಕು, ಕಾಫಿಯ ಎಣ್ಣೆ ಅಂಶಕ್ಕೆ ಅಂಟಿ, ಕಪ್ಪು ಮೇಣದ ಹಾಗೆ ಆಗಿತ್ತು. ಗುಂಡುಸೂಜಿಯಿಂದ ಕೆರೆದರೆ ಮಾತ್ರ ಬಂತು. ಆ ವಾಲ್ವಿಗೆ ಹಿಂದೆ ಫಿಲ್ಟರ್ ಪೇಪರ್ ಇರಲಿಲ್ಲ. ಬೀಜಕ್ಕೆ ಮಾಡಿದ ವಾಲ್ವನ್ನು ನಮಗೆ ಪುಡಿಗೆ ಕೊಟ್ಟಿದ್ದರು. ನಾವೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಉಬ್ಬದೆ ಉಳಿದ ಪೌಚುಗಳದ್ದು ಬೇರೆ ಕಥೆ. ಅವುಗಳೊಳಗೆ ತೇವ ಹೋಗಿ ಪುಡಿ ಗಂಟುಗಂಟಾಗಿತ್ತು. ಚಿಕೋರಿ ತೇವ ಎಳೆಯುವುದು ಜಾಸ್ತಿ, ನಿಮಗೆ ಗೊತ್ತೇ ಇದೆ.

ಇನ್ನೊಂದು ವಿಷಯ ನಮ್ಮ ಜಾಗದ್ದು. ಪ್ಯಾಕ್ ಮಾಡುವುದು ಇಲ್ಲಿ, ಸಮುದ್ರ ಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ. ಅರ್ಧದಷ್ಟು ಮಾಲು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತದೆ. ಇಳಿಯುತ್ತ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡ ಏರುತ್ತದೆ. ಆಗ ವಾಲ್ವ್ ಗಟ್ಟಿಯಾಗಿ ಮುಚ್ಚಿಕೊಳ್ಳದಿದ್ದರೆ ಕರಾವಳಿಯ ಒದ್ದೆ ಗಾಳಿ ಒಳಗೆ ಬರುತ್ತದೆ. ಹಾಗಾಗಿ ವಾಲ್ವ್ ಎಷ್ಟು ಒತ್ತಡಕ್ಕೆ ತೆರೆಯುತ್ತದೆ ಅನ್ನುವುದರಷ್ಟೇ, ಎಷ್ಟಕ್ಕೆ ಮುಚ್ಚಿಕೊಳ್ಳುತ್ತದೆ ಅನ್ನುವುದೂ ನಮಗೆ ಮುಖ್ಯ.

ಈಗ ಪೌಚಿನ ಅಳತೆ. ಫ್ಲಾಟ್ ಬಾಟಮ್, ಅಗಲ 130, ಎತ್ತರ 200, ಪಕ್ಕದ ಮಡಿಕೆ ಬಿಡಿಸಿದಾಗ 70, ಎಲ್ಲ ಮಿಲಿಮೀಟರ್‌ನಲ್ಲಿ. ಇವೆಲ್ಲ ಹೊರ ಅಳತೆ, ಪೌಚ್ ಖಾಲಿ ಇದ್ದು ಚಪ್ಪಟೆಯಾಗಿ ಮಲಗಿಸಿದಾಗಿನದು. ಹಿಂದಿನ ಸಲ "130" ಅಂತ ಬರೆದು ಒಳಗಿನದೋ ಹೊರಗಿನದೋ ಹೇಳದೆ ಹೋದದ್ದಕ್ಕೆ 250 ಗ್ರಾಂ ಬೀಜ ಹಿಡಿಸಲೇ ಇಲ್ಲ. ಬಾಯಿಯ ಅಂಚಿನಿಂದ ಕೆಳಕ್ಕೆ ಲೆಕ್ಕ ಹಾಕಿದರೆ: 10ರಿಂದ 20 ಮಿ.ಮೀ. ನಮ್ಮ ಸೀಲ್ ಪಟ್ಟಿ, 25ರಲ್ಲಿ ಹರಿಯುವ ಗೀರು, 35ರಲ್ಲಿ ಝಿಪ್, 70ರಲ್ಲಿ ವಾಲ್ವಿನ ನಡುಭಾಗ. ವಾಲ್ವ್ ಮುಂಬದಿಗೆ, ಅಗಲದ ಸರಿ ಮಧ್ಯಕ್ಕೆ. ಗೀಟು ಹಾಕಿದ ಚಿತ್ರ ಲಗತ್ತು 2ರಲ್ಲಿದೆ. ಮಾತಿಗೂ ಚಿತ್ರಕ್ಕೂ ಎಲ್ಲಾದರೂ ವ್ಯತ್ಯಾಸ ಕಂಡರೆ ಚಿತ್ರವೇ ಸರಿ.

ನಮ್ಮಲ್ಲಿರುವುದು ಬೆಲ್ಟ್ ಮೇಲೆ ಸಾಗುತ್ತ ಸೀಲ್ ಆಗುವ ಬ್ಯಾಂಡ್ ಸೀಲರ್. ಸೀಲ್ ಅಗಲ 10 ಮಿ.ಮೀ. 160ರಿಂದ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಓಡಿಸುತ್ತೇವೆ. ನೈಟ್ರೋಜನ್ ತುಂಬುವ ವ್ಯವಸ್ಥೆ ಇಲ್ಲ. ಹುರಿದ ಬೀಜವನ್ನು 12 ಗಂಟೆ, ಪುಡಿಯನ್ನು 4 ಗಂಟೆ ಆರಿಸಿ ತುಂಬುತ್ತೇವೆ.

ಎರಡು ಬಗೆಯ ಫಿಲ್ಮ್ ನೋಡಬೇಕು ಅಂತಿದ್ದೇವೆ.

ಮೊದಲ ಬಗೆ: ಹೊರಗೆ 12 ಮೈಕ್ರಾನ್ ಮ್ಯಾಟ್ ಪೆಟ್, ನಡುವೆ 7 ಮೈಕ್ರಾನ್ ಅಲ್ಯೂಮಿನಿಯಂ ಫಾಯಿಲ್, ಒಳಗೆ 80ರಿಂದ 90 ಮೈಕ್ರಾನ್ ಎಲ್‌ಎಲ್‌ಡಿಪಿಇ. ಮೆಟಲೈಸ್ಡ್ ಫಿಲ್ಮ್ ಬೇಡ, ಫಾಯಿಲ್ಲೇ ಬೇಕು. ಈಗ ಬಳಸುತ್ತಿರುವುದು ಮೆಟಲೈಸ್ಡ್, ಅದು ಆಷಾಢದ ಮಳೆಗೆ ನಿಲ್ಲಲಿಲ್ಲ.

ಎರಡನೇ ಬಗೆ: ಪೂರ್ತಿ ಪಾಲಿಎಥಿಲೀನ್, ನಡುವೆ ಇವಿಒಎಚ್ ಪದರ, ಮರುಬಳಕೆ ಆಗುವಂಥದ್ದು. ಇದರ ಮೇಲೆ ನನಗೆ ಆಸೆ ಜಾಸ್ತಿ. ನಮ್ಮ ತೋಟದ ಹಳ್ಳದಲ್ಲೇ ಹೊಳೆಯುವ ಪೌಚ್ ತೇಲಿ ಬರುವುದನ್ನು ನೋಡಿದ್ದೇನೆ. ಆದರೆ ಇವಿಒಎಚ್ ತೇವದಲ್ಲಿ ಸ್ವಲ್ಪ ಸೋಲುತ್ತದೆ ಅಂತ ಓದಿದ್ದೇನೆ, ನಮ್ಮ ಹವೆಗೆ ತಡೆಯುತ್ತದಾ ಅಂತ ಪರೀಕ್ಷೆ ಮಾಡಿಯೇ ತೀರ್ಮಾನಿಸಬೇಕು.

ಇನ್ನು ಪ್ರಶ್ನೆಗಳು. ಎರಡೂ ಬಗೆಗೆ ಬೇರೆ ಬೇರೆ ಉತ್ತರ ಕೊಡಿ.

1. ಪ್ರತಿ ಪದರದ ಹೆಸರು, ದಪ್ಪ, ಒಟ್ಟು ದಪ್ಪ. ಹೆಚ್ಚುಕಮ್ಮಿ ಎಷ್ಟು ಪರ್ಸೆಂಟ್ ಆಗಬಹುದು?

2. ತೇವ ದಾಟುವ ಪ್ರಮಾಣ: 38 ಡಿಗ್ರಿ, 90 ಪರ್ಸೆಂಟ್ ತೇವಾಂಶದಲ್ಲಿ, ಎಎಸ್‌ಟಿಎಂ ಎಫ್1249 ಪ್ರಕಾರ, ಚದರ ಮೀಟರಿಗೆ ದಿನಕ್ಕೆ ಎಷ್ಟು ಗ್ರಾಂ? ಆಮ್ಲಜನಕ ದಾಟುವ ಪ್ರಮಾಣ: 23 ಡಿಗ್ರಿಯಲ್ಲಿ, ಎಎಸ್‌ಟಿಎಂ ಡಿ3985 ಪ್ರಕಾರ. ಬೇರೆ ವಿಧಾನ ಬಳಸಿದ್ದರೆ ಅದರ ಹೆಸರು ಬರೆಯಿರಿ, ಅಷ್ಟು ಸಾಕು. ಈ ಅಂಕಿ ಬರೀ ಫಿಲ್ಮಿನದಾ, ಅಥವಾ ಝಿಪ್ ಮತ್ತು ವಾಲ್ವ್ ಸೇರಿದ ಪೂರ್ತಿ ಪೌಚಿನದಾ? ದಯವಿಟ್ಟು ಇದನ್ನು ಬಿಡದೆ ಹೇಳಿ. ಎರಡನೇ ಬಗೆಗೆ ಒದ್ದೆ ಹವೆಯಲ್ಲಿ ಮಾಡಿದ ಆಮ್ಲಜನಕದ ಅಂಕಿಯೂ ಬೇಕು.

3. ವಾಲ್ವ್: ತೆರೆಯುವ ಒತ್ತಡ ಮತ್ತು ಮುಚ್ಚುವ ಒತ್ತಡ, ಮಿಲಿಬಾರ್‌ನಲ್ಲಿ. ಹಿಂದಕ್ಕೆ ಗಾಳಿ ಸೋರುವ ಪರೀಕ್ಷೆ ಹೇಗೆ ಮಾಡುತ್ತೀರಿ, ಪ್ರತಿ ವಾಲ್ವಿಗಾ, ಸಾವಿರಕ್ಕೆ ಇಷ್ಟು ಅಂತಲಾ? ಪುಡಿಗೆ ಬಳಸುವ ವಾಲ್ವಿನಲ್ಲಿ ಫಿಲ್ಟರ್ ಯಾವುದರದ್ದು, ಎಷ್ಟು ಮೈಕ್ರಾನ್ ಪುಡಿಯನ್ನು ತಡೆಯುತ್ತದೆ? ಒಳಗೆ ಸಿಲಿಕೋನ್ ಎಣ್ಣೆ ಹಾಕುತ್ತೀರಾ? ಹಾಕುವುದಾದರೆ ಅದು ಆಹಾರಕ್ಕೆ ತಾಗಬಹುದಾದ ದರ್ಜೆಯದೇ?

4. ಸೀಲ್: ಯಾವ ಉಷ್ಣತೆಯಿಂದ ಯಾವ ಉಷ್ಣತೆಯವರೆಗೆ ಸರಿ? 15 ಮಿ.ಮೀ. ಅಗಲಕ್ಕೆ ಸೀಲಿನ ಬಲ ಎಷ್ಟು ನ್ಯೂಟನ್? ಎರಡನೇ ಬಗೆ ನಮ್ಮ 160 ಡಿಗ್ರಿಗೆ ಕರಗಿ ಬೆಲ್ಟಿಗೆ ಅಂಟುತ್ತದಾ?

5. ಆಹಾರ ಸುರಕ್ಷತೆ: ಭಾರತದಲ್ಲಿ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮ ಅನ್ವಯಿಸುತ್ತದೆ. ಒಟ್ಟು ಮೈಗ್ರೇಶನ್ ಕೆಜಿಗೆ 60 ಮಿಲಿಗ್ರಾಂ ಅಥವಾ ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ ಮೀರಬಾರದು. ಇದಕ್ಕೆ ಹೊಂದುವ ವರದಿ ಇದ್ದರೆ ಪೂರ್ತಿ ಕಳಿಸಿ. ಬರೀ ಮೊದಲ ಪುಟ ಬೇಡ. ಯುರೋಪಿನ ನಿಯಮದ ವರದಿ ಮಾತ್ರ ಇದ್ದರೆ ಅದನ್ನೇ ಕಳಿಸಿ, ಭಾರತದ ಪರೀಕ್ಷೆಯನ್ನು ನಾವು ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಮಾಡಿಸಿಕೊಳ್ಳುತ್ತೇವೆ.

6. ಪ್ರಿಂಟ್: ಎರಡು ವಿನ್ಯಾಸ, ತಲಾ 4 ಬಣ್ಣ. ಗ್ರಾವ್ಯೂರ್ ಆದರೆ ಸಿಲಿಂಡರಿನ ಖರ್ಚು ಎಷ್ಟು, ಸಿಲಿಂಡರ್ ಯಾರದ್ದು, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ? ಡಿಜಿಟಲ್ ಆದರೆ 5,000ಕ್ಕೆ ಆಗುತ್ತದಾ?

7. ಬೆಲೆ: 10,000, 20,000 ಮತ್ತು 50,000ಕ್ಕೆ, ಅಮೆರಿಕನ್ ಡಾಲರಿನಲ್ಲಿ. ಎಫ್‌ಒಬಿ ಕಾವೋಷಿಯಂಗ್ ಮತ್ತು ಸಿಐಎಫ್ ಚೆನ್ನೈ, ಎರಡೂ ಬೇಕು, ಇನ್‌ಕೋಟರ್ಮ್ಸ್ 2020 ಪ್ರಕಾರ. ವಾಲ್ವ್ ಮತ್ತು ಝಿಪ್ ಸೇರಿಯೋ ಬಿಟ್ಟೋ ಹೇಳಿ. ಬೆಲೆ ಎಷ್ಟು ದಿನ ಸಿಂಧು? ಆರ್ಡರಿಗೆ ಎಷ್ಟು ಹೆಚ್ಚುಕಮ್ಮಿ ಕಳಿಸುತ್ತೀರಿ? ನಮ್ಮ ಕಡೆಯಿಂದ 30 ಪರ್ಸೆಂಟ್ ಮುಂಗಡ, ಉಳಿದದ್ದು ಬಿಲ್ ಆಫ್ ಲೇಡಿಂಗ್ ಪ್ರತಿ ಬಂದ ಮೇಲೆ. ಒಪ್ಪಿಗೆನಾ?

8. ವಿನ್ಯಾಸ ಒಪ್ಪಿದ ದಿನದಿಂದ ಹಡಗು ಹತ್ತುವವರೆಗೆ ಎಷ್ಟು ದಿನ? ಒಂದು ಪೆಟ್ಟಿಗೆಯಲ್ಲಿ ಎಷ್ಟು ಪೌಚ್, ಪೆಟ್ಟಿಗೆಯ ಅಳತೆ, ತೂಕ? ಯಾವ ಎಚ್‌ಎಸ್ ಕೋಡ್ ಹಾಕುತ್ತೀರಿ? ಪ್ಲಾಸ್ಟಿಕ್ ಪ್ಯಾಕೇಜಿಂಗ್ ತರಿಸುವವರು ಇಲ್ಲಿ ಇಪಿಆರ್ ಲೆಕ್ಕ ಕೊಡಬೇಕು. ಅದಕ್ಕೆ ಒಂದು ಪೌಚಿನಲ್ಲಿ ಪ್ಲಾಸ್ಟಿಕ್ ಎಷ್ಟು ಗ್ರಾಂ, ಫಾಯಿಲ್ ಎಷ್ಟು ಗ್ರಾಂ ಅಂತ ಬೇಕು.

ಸ್ಯಾಂಪಲ್ ಬಗ್ಗೆ. ಪ್ರಿಂಟ್ ಇಲ್ಲದ ಸಾದಾ ಪೌಚ್ ಸಾಕು, ಆದರೆ ಮೇಲೆ ಹೇಳಿದ ಅಳತೆ, ಝಿಪ್, ವಾಲ್ವ್ ಎಲ್ಲ ಇರಬೇಕು. ಪ್ರತಿ ಬಗೆಯಲ್ಲಿ 60, ಒಟ್ಟು 120. ಎಲ್ಲದಕ್ಕೂ ಪುಡಿಗೆ ಹೊಂದುವ ಫಿಲ್ಟರ್ ವಾಲ್ವೇ ಇರಲಿ. ಜೊತೆಗೆ ಪೌಚಿಗೆ ಹಾಕದ ಬಿಡಿ ವಾಲ್ವ್ 40: ಫಿಲ್ಟರ್ ಇರುವುದು 20, ಇಲ್ಲದ್ದು 20. ಅರವತ್ತು ಯಾಕೆ ಅಂದರೆ, 20 ಸೀಲ್ ಪರೀಕ್ಷೆಗೆ, 10 ಲ್ಯಾಬಿಗೆ, 30 ತುಂಬಿ ಎಂಟು ವಾರ ಇಡಲಿಕ್ಕೆ. ಆ 30ರಲ್ಲಿ 20ಕ್ಕೆ ಪುಡಿ, 10ಕ್ಕೆ ಒಣಗಿದ ಸಿಲಿಕಾ ಜೆಲ್. ಪುಡಿ ಗ್ಯಾಸ್ ಬಿಡುತ್ತ ತೂಕ ಕಳೆದುಕೊಳ್ಳುತ್ತದೆ, ಅದನ್ನು ತೂಗಿದರೆ ತೇವ ಎಷ್ಟು ಹೊಕ್ಕಿತು ಅಂತ ಗೊತ್ತಾಗುವುದಿಲ್ಲ. ಸಿಲಿಕಾ ಜೆಲ್ ಪೌಚನ್ನು ವಾರಕ್ಕೊಮ್ಮೆ ತೂಗುತ್ತೇವೆ. ಎಂಟು ವಾರದ ಅಂಕಿಗಳನ್ನು ನಿಮಗೂ ಕಳಿಸುತ್ತೇನೆ.

ಪ್ರತಿ ಕಟ್ಟಿನ ಮೇಲೆ ಬಗೆ, ಬ್ಯಾಚ್ ನಂಬರ್, ತಯಾರಾದ ತಿಂಗಳು ಬರೆದಿರಲಿ. ಎರಡು ಬಗೆ ಬೆರೆತು ಬಂದರೆ ನಮ್ಮ ಎಂಟು ವಾರ ವ್ಯರ್ಥ. ಸರಿಯಾದ ಅಳತೆಯ ಪೌಚ್ ಸ್ಟಾಕಿನಲ್ಲಿ ಇಲ್ಲದಿದ್ದರೆ ಬೇರೆ ಅಳತೆಯದ್ದನ್ನು ಸುಮ್ನೆ ಕಳಿಸಬೇಡಿ, ಏನಿದೆ ಅಂತ ಮೊದಲು ತಿಳಿಸಿ.

ಸ್ಯಾಂಪಲ್ ಬೆಲೆ ಮತ್ತು ಕೊರಿಯರ್ ಖರ್ಚು ಎರಡೂ ನಮ್ಮದೇ. ಪ್ರೊಫಾರ್ಮಾ ಇನ್‌ವಾಯ್ಸ್ ಕಳಿಸಿದರೆ ಎರಡು ದಿನದಲ್ಲಿ ಹಣ ಹಾಕುತ್ತೇವೆ. ಇನ್‌ವಾಯ್ಸಿನಲ್ಲಿ "ವ್ಯಾಪಾರದ ಸ್ಯಾಂಪಲ್, ಮಾರಾಟಕ್ಕಲ್ಲ" ಅಂತ ಇರಲಿ, ಆದರೆ ಬೆಲೆ ಸೊನ್ನೆ ಹಾಕಬೇಡಿ, ನಿಜವಾದದ್ದನ್ನೇ ಹಾಕಿ. ಸೊನ್ನೆ ಇದ್ದರೆ ಕಸ್ಟಮ್ಸ್‌ನಲ್ಲಿ ನಿಂತುಬಿಡುತ್ತದೆ. ತಯಾರಾದ ದೇಶದ ಹೆಸರೂ ಬೇಕು. ನಮ್ಮ ಐಇಸಿ, ಜಿಎಸ್‌ಟಿ ನಂಬರ್, ಪೂರ್ತಿ ವಿಳಾಸ, ಕೊರಿಯರ್‌ನವರು ಕೇಳುವ ಕೆವೈಸಿ ಕಾಗದ ಎಲ್ಲ ಲಗತ್ತು 3ರಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಉತ್ತರ ಜೂನ್ 25ರೊಳಗೆ, ಸ್ಯಾಂಪಲ್ ಜುಲೈ 15ರೊಳಗೆ ಸಿಕ್ಕಿದರೆ ಜೋರು ಮಳೆಯಲ್ಲೇ ಪರೀಕ್ಷೆ ಆಗುತ್ತದೆ. ಬೇಸಿಗೆಯಲ್ಲಿ ಯಾವ ಪೌಚೂ ಪಾಸಾಗುತ್ತದೆ, ಅಲ್ವಾ? ಸೆಪ್ಟೆಂಬರ್ 20ಕ್ಕೆ ಆರ್ಡರ್ ತೀರ್ಮಾನ. ಮಾಲು ನವೆಂಬರ್ ಕೊನೆಗೆ ಬಂದರೆ ಸಾಕು, ಈಗಿನ ಸ್ಟಾಕ್ ಜನವರಿವರೆಗೆ ಬರುತ್ತದೆ.

ಯಾವುದಾದರೂ ಪ್ರಶ್ನೆಗೆ ಉತ್ತರ ತಕ್ಷಣ ಇಲ್ಲದಿದ್ದರೆ ಅದಕ್ಕಾಗಿ ಉಳಿದದ್ದನ್ನು ತಡೆಯಬೇಡಿ. ಆ ನಂಬರಿನ ಮುಂದೆ ಯಾವ ದಿನ ಸಿಗುತ್ತದೆ ಅಂತ ಬರೆದರೆ ಆಯಿತು. ನಿಮ್ಮಲ್ಲಿ ಆಗದ ಕೆಲಸ ಇದ್ದರೆ ಆಗುವುದಿಲ್ಲ ಅಂತಲೇ ಹೇಳಿ, ಬೇಸರ ಇಲ್ಲ.

ಫೋನಿನಲ್ಲಿ ಮಾತಾಡಬೇಕು ಅನಿಸಿದರೆ ಮಂಗಳವಾರದಿಂದ ಶುಕ್ರವಾರ, ನಮ್ಮ 11ರಿಂದ 1 ಗಂಟೆ, ಅಂದರೆ ನಿಮ್ಮಲ್ಲಿ ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ. ಸೋಮವಾರ ಹುರಿಯುವ ದಿನ, ಮಷಿನ್ ಸದ್ದಿಗೆ ಫೋನ್ ಕೇಳಿಸುವುದಿಲ್ಲ. ನಂಬರ್ ಲಗತ್ತು 3ರಲ್ಲಿದೆ.

ಇತಿ,
ಶೈಲಜಾ

ಲಗತ್ತು 1: ಪ್ರಶ್ನೆಗಳ ಇಂಗ್ಲಿಷ್ ಪ್ರತಿ, ಉತ್ತರ ತುಂಬಲು ಕೋಷ್ಟಕ ಸಮೇತ
ಲಗತ್ತು 2: ಪೌಚಿನ ಅಳತೆ ಚಿತ್ರ, ಮುಚ್ಚಿಹೋದ ಹಳೆಯ ವಾಲ್ವಿನ ಎರಡು ಫೋಟೋ
ಲಗತ್ತು 3: ಆಮದು ಕಾಗದಪತ್ರ, ವಿಳಾಸ, ಫೋನ್