ರವಿವಾರದ ಪಾಲಕರ ಸಭೆಗೆ ಇಬ್ಬರೂ ಬರುತ್ತೇವೆ

ಮಾನ್‌ಖುರ್ದ್, ಮುಂಬೈ
3-2-2026

ಮುಖ್ಯೋಪಾಧ್ಯಾಯಿನಿಯವರಿಗೆ,

ನಮಸ್ಕಾರ ಟೀಚರ್.

ಶ್ರಾವಣಿ ನಿನ್ನೆ ಸಂಜೆ ಸುತ್ತೋಲೆ ತಂದುಕೊಟ್ಟಳು. ಫೆಬ್ರವರಿ 8, ರವಿವಾರ ಬೆಳಿಗ್ಗೆ ಹತ್ತೂವರೆಗೆ 7ನೇ ಇಯತ್ತೆಯ ಪಾಲಕರ ಸಭೆ ಎಂದು ಓದಿದೆ. ನಾನೂ ಅವಳ ಅಪ್ಪನೂ ಇಬ್ಬರೂ ಬರುತ್ತೇವೆ. ಕೆಳಗಿನ ಚೀಟಿಯಲ್ಲಿ ಸಹಿ ಮಾಡಿ ಇದರ ಜೊತೆಗೆ ಪಿನ್ ಹಾಕಿದ್ದೇನೆ.

ರವಿವಾರ ಹೋಟೆಲಿನಲ್ಲಿ ಗಿರಾಕಿ ಜಾಸ್ತಿ. ಅವಳ ಅಪ್ಪನಿಗೆ ಆ ದಿನ ರಜೆ ಸಿಗುವುದೇ ಕಷ್ಟ. ಈ ಸಲ ಶೇಟರ ಹತ್ತಿರ ಮೊದಲೇ ಹೇಳಿ, ಮಧ್ಯಾಹ್ನ ಒಂದು ಗಂಟೆಯವರೆಗೆ ಬಿಡುವು ಕೇಳಿಕೊಂಡಿದ್ದಾರೆ. ರವಿವಾರ ಹಾರ್ಬರ್ ಲೈನಿನಲ್ಲಿ ಮೆಗಾ ಬ್ಲಾಕ್ ಇದ್ದರೆ ಹೆಚ್ಚಾಗಿ ಹನ್ನೊಂದರ ನಂತರ ಶುರುವಾಗುತ್ತದೆ. ಹಾಗಾಗಿ ಬರುವುದಕ್ಕೆ ತೊಂದರೆ ಇಲ್ಲ, ಒಂಬತ್ತರ ಲೋಕಲ್ ಹಿಡಿಯುತ್ತೇವೆ. ವಾಪಸು ಹೋಗುವಾಗ ಬಸ್ಸೇ ಗತಿ. ಸಭೆ ಹೇಳಿದ ಹೊತ್ತಿಗೆ ಶುರುವಾದರೆ ದೂರದಿಂದ ಬರುವ ನಮ್ಮಂಥವರಿಗೆ ತುಂಬಾ ಅನುಕೂಲ ಆಗುತ್ತದೆ.

ಚೀಟಿಯಲ್ಲಿ ‘ಬರುತ್ತೇವೆ’ ಅನ್ನುವುದರ ಮುಂದೆ ಟಿಕ್ ಹಾಕಿದರೆ ಸಾಕಿತ್ತು. ಆದರೆ ಸುತ್ತೋಲೆಯ ಎರಡನೇ ವಿಷಯ ಓದಿದ ಮೇಲೆ ಸುಮ್ನೆ ಇರಲಾಗಲಿಲ್ಲ. ಜೂನ್‌ನಿಂದ 8ನೇ ಇಯತ್ತೆಗೆ ಸೆಮಿ ಇಂಗ್ಲಿಷ್ ತರುವ ವಿಚಾರ ಇದೆ, ಗಣಿತ ಮತ್ತು ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದು ಕನ್ನಡದಲ್ಲಿ, ಪಾಲಕರು ಅಭಿಪ್ರಾಯ ಹೇಳಬೇಕು ಎಂದು ಬರೆದಿದ್ದೀರಿ. ಸಭೆಯಲ್ಲಿ ಎದ್ದು ನಿಂತು ಮಾತಾಡುವ ಅಭ್ಯಾಸ ನನಗಿಲ್ಲ. ಅದಕ್ಕೇ ಹೇಳಬೇಕಾದ್ದನ್ನು ಇಲ್ಲೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಧಾರವಾಡದ ಕಡೆ ಹಳ್ಳಿಯಲ್ಲಿ. ಹತ್ತನೆಯವರೆಗೆ ಪೂರ್ತಿ ಕನ್ನಡ. ವಿಜ್ಞಾನ ಅಂದರೆ ಪ್ರಾಣ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಮಾರ್ಕ್ಸ್ ಬಂತು, ಪಿಯುಸಿಗೆ ಸೈನ್ಸ್ ತೆಗೆದುಕೊಂಡೆ. ಅಲ್ಲಿ ಮೊದಲ ದಿನದಿಂದಲೇ ಎಲ್ಲ ಇಂಗ್ಲಿಷ್. ಲೆಕ್ಚರರು ಬೋರ್ಡಿನ ಮೇಲೆ ಬರೆಯುವ ಚಿತ್ರ ನನಗೆ ಗೊತ್ತಿದ್ದ ಚಿತ್ರವೇ. ಹೃದಯದ ನಾಲ್ಕು ಕೋಣೆ, ಹೃತ್ಕರ್ಣ, ಹೃತ್ಕುಕ್ಷಿ, ಎಲ್ಲ ಬಾಯಿಪಾಠ ಬರುತ್ತಿತ್ತು. ಆದರೆ ಅವರು ಏಟ್ರಿಯಂ, ವೆಂಟ್ರಿಕಲ್ ಅನ್ನುವಾಗ ಅದೇ ಇದು ಅಂತ ಹೊಳೆಯುತ್ತಿರಲಿಲ್ಲ. ಕೇಳುವುದಕ್ಕೆ ನಾಚಿಕೆ. ಮೂರು ತಿಂಗಳು ಒದ್ದಾಡಿ ಆರ್ಟ್ಸ್‌ಗೆ ಬದಲಾಯಿಸಿಕೊಂಡೆ. ವಿಷಯ ಗೊತ್ತಿತ್ತು ಟೀಚರ್, ಹೆಸರು ಗೊತ್ತಿರಲಿಲ್ಲ, ಅಷ್ಟೇ. ಇಪ್ಪತ್ತು ವರ್ಷವಾದರೂ ಆ ಕ್ಲಾಸಿನ ಹಿಂದಿನ ಬೆಂಚು ಮರೆತಿಲ್ಲ.

ಇಲ್ಲೂ ಹಾಗೇ ಅಲ್ವಾ. ಎಸ್‌ಎಸ್‌ಸಿಯವರೆಗೆ ಕನ್ನಡದಲ್ಲಿ ಬರೆಯಬಹುದು. ಆಮೇಲೆ ಹನ್ನೊಂದನೆಯ ಸೈನ್ಸ್ ಅಂದರೆ ಇಂಗ್ಲಿಷೇ. ಶ್ರಾವಣಿಗೆ ನರ್ಸಿಂಗ್ ಮಾಡಬೇಕೆಂಬ ಆಸೆ ಇದೆ. ಅವಳೂ ನನ್ನ ಹಾಗೆ ಬಾಗಿಲಿನವರೆಗೆ ಹೋಗಿ ತಿರುಗಿ ಬರುವುದು ಬೇಡ. ಅದಕ್ಕೇ ಸೆಮಿ ಇಂಗ್ಲಿಷಿಗೆ ನನ್ನ ಒಪ್ಪಿಗೆ ಇದೆ.

ಅವಳ ಅಪ್ಪನಿಗೆ ಪೂರ್ತಿ ಒಪ್ಪಿಗೆ ಇಲ್ಲ, ಅದನ್ನೂ ಹೇಳಬೇಕು. ಇವತ್ತು ಎರಡು ವಿಷಯ ಹೋದರೆ ನಾಳೆ ನಾಲ್ಕು ಹೋಗುತ್ತವೆ, ಕೊನೆಗೆ ಶಾಲೆಯ ಬೋರ್ಡಿನಲ್ಲಿ ಮಾತ್ರ ಕನ್ನಡ ಉಳಿಯುತ್ತದೆ ಎನ್ನುತ್ತಾರೆ. ಮುಂಬೈಯಲ್ಲಿ ಕನ್ನಡ ಶಾಲೆಗಳಿಗೆ ಮಕ್ಕಳು ಕಡಿಮೆಯಾಗುತ್ತಿರುವುದು ಕಣ್ಣಿಗೆ ಕಾಣುತ್ತಿದೆ. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಯಾಕೆಂದರೆ ಕನ್ನಡದಲ್ಲಿ ಕಲಿತದ್ದು ಎಷ್ಟು ಗಟ್ಟಿಯಾಗಿದೆ ಅನ್ನುವುದನ್ನು ನಾನೇ ನೋಡಿದ್ದೇನೆ. ನಮ್ಮ ಗ್ಯಾಲರಿಯಲ್ಲಿ ಎರಡು ತುಳಸಿ ಡಬ್ಬಿ ಇವೆ. ದೀಪಾವಳಿಗೆ ಬಣ್ಣ ಬಳಿಯುವಾಗ ಒಂದನ್ನು ಮೆಟ್ಟಿಲ ಕೆಳಗೆ ಇಟ್ಟು ಮರೆತುಬಿಟ್ಟಿದ್ದೆ. ಹೊರಗೆ ತೆಗೆದಾಗ ಎಲೆಯೆಲ್ಲ ಹಳದಿಗೆ ತಿರುಗಿತ್ತು. ಪಕ್ಕದ ಮನೆಯ ಹುಡುಗ ಇಂಗ್ಲಿಷ್ ಮೀಡಿಯಂ, ಇವಳದೇ ತರಗತಿ. ‘ಫೋಟೋಸಿಂಥೆಸಿಸ್ ಆಗಿಲ್ಲ’ ಎಂದು ಸರಿಯಾಗಿಯೇ ಹೇಳಿದ. ಹಾಗಂದರೇನು ಎಂದು ಅವನ ಅಜ್ಜಿ ಕೇಳಿದಾಗ ಸುಮ್ಮನಾದ. ಶ್ರಾವಣಿ ಎರಡೂ ಡಬ್ಬಿ ಪಕ್ಕಪಕ್ಕ ಇಟ್ಟು, ಎಲೆ ಮುಟ್ಟಿ ತೋರಿಸಿ, ಬಿಸಿಲು, ನೀರು, ಗಾಳಿ ಸೇರಿ ಎಲೆ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ, ಬಿಸಿಲಿಲ್ಲದಿದ್ದರೆ ಎಲೆಯ ಹಸಿರೂ ಉಳಿಯುವುದಿಲ್ಲ ಎಂದು ಆ ಅಜ್ಜಿಗೆ ಮರಾಠಿಯಲ್ಲೇ ಬಿಡಿಸಿ ಹೇಳಿದಳು. ನಿಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಅರ್ಥ ಮಾಡಿಕೊಂಡದ್ದಕ್ಕೇ ಅದು ಅವಳಿಗೆ ಇನ್ನೊಂದು ಭಾಷೆಯಲ್ಲೂ ಬಂತು. ಆ ಬುಡ ಅಲುಗಾಡಬಾರದು ಅನ್ನುವುದೇ ನನ್ನ ಕಾಳಜಿ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಪುಸ್ತಕ ಬಾಲಭಾರತಿಯ ಇಂಗ್ಲಿಷ್ ಪುಸ್ತಕವೇ ಇರಲಿ, ಪರೀಕ್ಷೆಯೂ ಇಂಗ್ಲಿಷಿನಲ್ಲೇ ಇರಲಿ. ಪಾಠ ತಿಳಿಸಿ ಹೇಳುವುದು ಮಾತ್ರ ಮೊದಲು ಕನ್ನಡದಲ್ಲಿ ಆಗಲಿ. ಮಗು ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ‘ಇಂಗ್ಲಿಷಿನಲ್ಲಿ ಕೇಳು’ ಎಂದು ಕೂರಿಸಬೇಡಿ. ಹಾಗೆ ಕೂತ ಮಗು ಮತ್ತೆ ಏಳುವುದಿಲ್ಲ. ಸೆಮಿ ಬೇಡ ಅನ್ನುವ ಪಾಲಕರ ಮಕ್ಕಳಿಗೆ ಪೂರ್ತಿ ಕನ್ನಡದ ವರ್ಗ ಹಾಗೇ ಮುಂದುವರಿಯುತ್ತದೆಯೇ, ಈಗಿನ ಟೀಚರುಗಳೇ ಕಲಿಸುತ್ತಾರೆಯೇ ಎಂದು ಸಭೆಯಲ್ಲಿ ಬಿಡಿಸಿ ಹೇಳಿ. ನಮ್ಮ ಚಾಳಿನಲ್ಲೇ ಇನ್ನಿಬ್ಬರು ತಾಯಂದಿರು ಇದನ್ನೇ ಕೇಳುತ್ತಿದ್ದಾರೆ.

ಇನ್ನೊಂದು ಮಾತು. ಜೂನ್‌ವರೆಗೆ ಕಾಯುವುದು ಬೇಡ ಎಂದು ಮನೆಯಲ್ಲಿ ನಾವು ಆಗಲೇ ಶುರು ಮಾಡಿದ್ದೇವೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಶ್ರಾವಣಿ ನಡುವೆ ಗೆರೆ ಎಳೆದಿದ್ದಾಳೆ. ಎಡಕ್ಕೆ ಲ.ಸಾ.ಅ., ಬಲಕ್ಕೆ ಎಲ್‌ಸಿಎಂ. ಎಡಕ್ಕೆ ಭಿನ್ನರಾಶಿ, ಬಲಕ್ಕೆ ಫ್ರ್ಯಾಕ್ಷನ್. ನಾನು ಸೀರೆಗೆ ಫಾಲ್ ಹಾಕುತ್ತಾ ಎಡಗಡೆಯ ಶಬ್ದ ಹೇಳುತ್ತೇನೆ, ಅವಳು ಬಲಗಡೆಯದು ಹೇಳುತ್ತಾಳೆ. ದಿನಕ್ಕೆ ಐದೇ ಶಬ್ದ. ಕೆಲವು ನಮಗೆ ಸಿಗುವುದಿಲ್ಲ, ಆ ಜಾಗ ಖಾಲಿ ಬಿಟ್ಟಿದ್ದೇವೆ. ಶಾಲೆಯಲ್ಲೇ ಎಲ್ಲ ಮಕ್ಕಳಿಗೂ ಇಂಥ ಪಟ್ಟಿ ಮಾಡಿಸಿ, ಮೇ ರಜೆಗೆ ಕೊಟ್ಟು ಕಳಿಸಲು ಆದೀತೇ? ಝೆರಾಕ್ಸ್ ಖರ್ಚನ್ನು ಪಾಲಕರು ಹಂಚಿಕೊಳ್ಳುತ್ತೇವೆ. ಬರೆಯುವ ಕೆಲಸ ಇದ್ದರೆ ನಾನು ಬಂದು ಕೂರುತ್ತೇನೆ, ನನ್ನ ಅಕ್ಷರ ಚೆನ್ನಾಗಿದೆ.

ಪ್ರಥಮ ಸತ್ರದಲ್ಲಿ ಅವಳಿಗೆ ಗಣಿತದಲ್ಲಿ ಮಾರ್ಕ್ಸ್ ಸ್ವಲ್ಪ ಇಳಿದಿದೆ, ಅದನ್ನು ತರಗತಿ ಟೀಚರ ಹತ್ತಿರ ಆಮೇಲೆ ಮಾತಾಡುತ್ತೇನೆ. ಸಭೆ ಮುಗಿದ ಮೇಲೆ ವಿಜ್ಞಾನದ ಟೀಚರು ಹತ್ತು ನಿಮಿಷ ಸಿಕ್ಕರೆ ಉಪಕಾರ. ಆ ನೋಟ್‌ಬುಕ್ ತರುತ್ತೇನೆ. ಖಾಲಿ ಬಿಟ್ಟ ಹದಿನಾಲ್ಕು ಶಬ್ದಗಳನ್ನು ಅವರಿಂದ ತುಂಬಿಸಿಕೊಳ್ಳಬೇಕು.

ಇಂತಿ ನಮಸ್ಕಾರಗಳು,

ಗೀತಾ
(ಶ್ರಾವಣಿಯ ಅವ್ವ, 7ನೇ ಇಯತ್ತೆ ‘ಅ’)

ಬರುವವರು: ಇಬ್ಬರು